ಓವರ್‌ಟೇಕ್ ಮಾಡೋದು ಯಾವಾಗ, ಎಡಗಡೆಯಿಂದ ಹೋಗಬಹುದಾ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಲ್ಲಿ ಹೊಸದಾಗಿ ಲೈಸೆನ್ಸ್ ತೆಗೆದುಕೊಂಡವರು, ದಿನಾ ಸ್ಕೂಟರ್‌ನಲ್ಲಿ ಆಫೀಸಿಗೆ ಹೋಗುವವರು, ಹಬ್ಬಕ್ಕೆ ಕಾರು ತೆಗೆದುಕೊಂಡು ಊರಿಗೆ ಹೊರಡುವವರು ಕೇಳಿದ ಪ್ರಶ್ನೆಗಳು ಇವು. ಅವರು ಕೇಳಿದ ಮಾತಲ್ಲೇ ಇಟ್ಟಿದ್ದೇನೆ. ಜಾಸ್ತಿ ಪ್ರಶ್ನೆ ಬರುವುದು ಎಡಗಡೆಯಿಂದ ಹೋಗುವ ಬಗ್ಗೆ, ಹಾಗಾಗಿ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

## ಮೊದಲು ಗೊತ್ತಿರಬೇಕಾದ್ದು

ಸರ್, ಓವರ್‌ಟೇಕ್ ಯಾವಾಗಲೂ ಬಲಗಡೆಯಿಂದಲೇ ಮಾಡಬೇಕಾ? ಬೆಂಗಳೂರಲ್ಲಿ ಹಾಗೆ ಯಾರು ಮಾಡ್ತಾರೆ?

ಹೌದು, ಬಲಗಡೆಯಿಂದಲೇ. ನಮ್ಮ ದೇಶದಲ್ಲಿ ಗಾಡಿ ಎಡಕ್ಕೆ ಓಡುತ್ತದೆ, ದಾಟುವವರು ಬಲಕ್ಕೆ ಬಂದು ದಾಟಬೇಕು. 1989ರ ರಸ್ತೆ ನಿಯಮಗಳಲ್ಲೂ ಇದೇ ಇತ್ತು. ಅದರ ಬದಲಿಗೆ ಬಂದ 2017ರ ಮೋಟಾರು ವಾಹನ ಚಾಲನಾ ನಿಯಮಾವಳಿಯಲ್ಲೂ ಇದೇ ಇದೆ. ಈ ನಿಯಮ ಇಡೀ ದೇಶಕ್ಕೆ ಒಂದೇ, ಬೆಂಗಳೂರಿಗೆ ಅಂತ ಬೇರೆ ಇಲ್ಲ.

ಯಾರು ಮಾಡ್ತಾರೆ ಅಂತ ಕೇಳುವುದರಲ್ಲಿ ನ್ಯಾಯ ಇದೆ. ಎಡಗಡೆ ನುಗ್ಗುವುದು ಇಲ್ಲಿ ಅಭ್ಯಾಸ ಆಗಿಬಿಟ್ಟಿದೆ. ಆದರೆ ಅಪಘಾತ ಆದ ದಿನ ಪೊಲೀಸರು ಕೇಳುವುದು ನಿಯಮ ಏನು ಹೇಳುತ್ತೆ ಅಂತ. ಎಲ್ಲರೂ ಹಾಗೇ ಹೋಗ್ತಾರೆ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಎಡಗಡೆ ಜಾಗ ಖಾಲಿ ಇರುತ್ತೆ, ಬಲಗಡೆ ಇರಲ್ಲ. ಸುಮ್ನೆ ಎಡಕ್ಕೆ ಹೋಗಿಬಿಟ್ರೆ ಏನು ತಪ್ಪು?

ಎಡಗಡೆ ಖಾಲಿ ಇದೆ ಅಂತ ನಿಮಗೆ ಕಾಣಿಸುತ್ತದೆ. ಆ ಖಾಲಿ ಜಾಗಕ್ಕೆ ಯಾವ ಕ್ಷಣದಲ್ಲಾದರೂ ಬರಬಹುದಾದವರು ಎಷ್ಟು ಜನ ಅಂತ ಸ್ವಲ್ಪ ನೋಡಿ. ಆಟೋ ಕೈ ತೋರಿಸಿದವರ ಹತ್ತಿರಕ್ಕೆ ಎಡಕ್ಕೆ ಎಳೆಯುತ್ತದೆ. ಬಸ್ಸಿನಿಂದ ಜನ ಎಡಕ್ಕೇ ಇಳಿಯುತ್ತಾರೆ. ಮುಂದಿನ ಕಾರು ಎಡಕ್ಕೆ ತಿರುಗಿ ಅಡ್ಡರಸ್ತೆಗೆ ಹೋಗುತ್ತದೆ. ಫುಟ್‌ಪಾತ್ ಇಲ್ಲದ ಕಡೆ ನಡೆಯುವವರು ಅಲ್ಲೇ ಇರುತ್ತಾರೆ. ಪಕ್ಕದಲ್ಲಿ ನಿಂತ ಗಾಡಿಯ ಬಾಗಿಲು ತೆರೆದುಕೊಳ್ಳುವುದೂ ಅಲ್ಲೇ.

ಇನ್ನೊಂದು ಕಾರಣ ಚಾಲಕ ಕೂರುವ ಜಾಗ. ನಮ್ಮ ಗಾಡಿಗಳಲ್ಲಿ ಚಾಲಕ ಬಲಗಡೆ ಕೂರುತ್ತಾನೆ. ಬಲಗಡೆ ಏನು ಬರ್ತಿದೆ ಅಂತ ಕನ್ನಡಿಯಲ್ಲೂ ಕಾಣುತ್ತದೆ, ಸ್ವಲ್ಪ ತಲೆ ತಿರುಗಿಸಿದರೂ ಕಾಣುತ್ತದೆ. ಎಡಗಡೆ ಹಾಗಲ್ಲ. ಅದರಲ್ಲೂ ಲಾರಿಯ ಎಡ ಮುಂಚಕ್ರದ ಪಕ್ಕ, ಕ್ಯಾಬಿನ್ ಬಾಗಿಲಿನ ಕೆಳಗೆ ಇರುವ ಸ್ಕೂಟರ್ ಲಾರಿ ಚಾಲಕನಿಗೆ ಕಾಣದೇ ಹೋಗಬಹುದು, ಅವನು ಎಷ್ಟೇ ಹುಷಾರಾಗಿದ್ದರೂ ಸರಿ. ಅವನ ಗಮನವೂ ಬಲಗಡೆಯೇ ಇರುತ್ತದೆ, ಯಾಕೆಂದರೆ ದಾಟುವವರು ಆ ಕಡೆಯಿಂದ ಬರಬೇಕು ಅಂತ ಅವನು ಕಲಿತಿದ್ದಾನೆ.

ಸರಿಯಾಗಿ ಓವರ್‌ಟೇಕ್ ಮಾಡೋ ಕ್ರಮ ಒಂದ್ಸಲ ಹೇಳಿ.

ಮೊದಲು ಮುಂದಿನ ಗಾಡಿಗೆ ಅಂಟಿಕೊಂಡು ಹೋಗುವುದನ್ನು ಬಿಡಿ. ಲಾರಿಯ ಹಿಂದೆ ಹತ್ತಿರ ಹೋದಷ್ಟೂ ಮುಂದಿನ ರಸ್ತೆ ಕಾಣಿಸುವುದಿಲ್ಲ. ಸ್ವಲ್ಪ ಹಿಂದೆ ಸರಿದರೆ ಅದೇ ಲಾರಿಯ ಪಕ್ಕದಿಂದ ರಸ್ತೆ ಚೆನ್ನಾಗಿ ಕಾಣುತ್ತದೆ. ಆಮೇಲೆ ಎದುರಿಗೆ ನೋಡಿ, ಒಳಗಿನ ಕನ್ನಡಿ ನೋಡಿ, ಬಲ ಕನ್ನಡಿ ನೋಡಿ, ಬಲ ಭುಜದ ಮೇಲಿಂದ ಒಂದು ನೋಟ ಹಾಕಿ. ಹಿಂದಿನವನು ಆಗಲೇ ನಿಮ್ಮನ್ನು ದಾಟಲು ಶುರು ಮಾಡಿದ್ದರೆ ನೀವು ಹೊರಡುವ ಹಾಗಿಲ್ಲ, ಇದು ನಿಯಮದಲ್ಲೇ ಇದೆ. ಎಲ್ಲ ಸರಿ ಇದ್ದರೆ ಬಲ ಇಂಡಿಕೇಟರ್ ಹಾಕಿ, ಎರಡು ಮೂರು ಸಲ ಮಿನುಗುವಷ್ಟು ಹೊತ್ತು ಬಿಟ್ಟು ಹೊರಡಿ.

ದಾಟಿದ ಮೇಲೆ ತಕ್ಷಣ ಎಡಕ್ಕೆ ಕಡಿಯಬಾರದು. ನೀವು ದಾಟಿದ ಗಾಡಿ ನಿಮ್ಮ ಒಳಗಿನ ಕನ್ನಡಿಯಲ್ಲಿ ಪೂರ್ತಿ ಕಾಣಬೇಕು, ಅಂದರೆ ಅದರ ಎರಡೂ ಹೆಡ್‌ಲೈಟ್ ಕಾಣಬೇಕು. ಆಗ ಎಡ ಇಂಡಿಕೇಟರ್ ಹಾಕಿ ವಾಪಸ್ ಬನ್ನಿ.

## ಎಡಗಡೆಯಿಂದ ಹೋಗುವ ಬಗ್ಗೆ

ಹಾಗಾದ್ರೆ ಎಡಗಡೆಯಿಂದ ಹೋಗೋಕೆ ಅವಕಾಶವೇ ಇಲ್ವಾ?

ಇದೆ, ಆದರೆ ಕೆಲವೇ ಸಂದರ್ಭಗಳಲ್ಲಿ. ಮುಖ್ಯವಾದ್ದು ಎರಡು. ಒಂದು, ಮುಂದಿನ ಗಾಡಿ ಬಲಕ್ಕೆ ಅಥವಾ ಯೂ ಟರ್ನ್‌ಗೆ ತಿರುಗುವುದಾಗಿ ಇಂಡಿಕೇಟರ್ ಹಾಕಿ, ರಸ್ತೆಯ ನಡುಭಾಗಕ್ಕೆ ಬಂದು ನಿಂತಾಗ. ಎರಡು, ಒಂದೇ ದಿಕ್ಕಿಗೆ ಹೋಗುವ ಎರಡು ಮೂರು ಲೇನ್ ಇರುವ ರಸ್ತೆಯಲ್ಲಿ ಬಲ ಲೇನಿನವರು ನಿಧಾನ ಆಗಿ, ನೀವು ನಿಮ್ಮ ಎಡ ಲೇನಿನಲ್ಲೇ ಅವರಿಗಿಂತ ಮುಂದೆ ಹೋದಾಗ.

ಇವೆರಡರಲ್ಲೂ ಒಂದು ವಿಷಯ ಸಮಾನ. ಎಡಗಡೆ ನಿಮಗೆ ಸರಿಯಾದ ದಾರಿ ಇದೆ, ಪಕ್ಕದವನು ಆ ಜಾಗಕ್ಕೆ ಬರುವ ಕಾರಣ ಇಲ್ಲ. ಫುಟ್‌ಪಾತ್ ಹತ್ತಿ ಹೋಗುವುದು, ಮಣ್ಣಿನ ಅಂಚಿಗೆ ಇಳಿದು ಹೋಗುವುದು, ಬಸ್ಸಿಗೂ ಚರಂಡಿಗೂ ನಡುವೆ ನುಸುಳುವುದು ಇದರಲ್ಲಿ ಬರುವುದಿಲ್ಲ. ಮುಂದಿನವನು ತುಂಬಾ ನಿಧಾನ, ಹಾರ್ನ್ ಮಾಡಿದರೂ ದಾರಿ ಬಿಡಲಿಲ್ಲ ಅನ್ನುವುದೂ ಕಾರಣ ಆಗುವುದಿಲ್ಲ.

ಮುಂದಿನ ಕಾರು ಬಲ ಇಂಡಿಕೇಟರ್ ಹಾಕಿ ಯೂ ಟರ್ನ್ ಹತ್ರ ನಿಂತಿದೆ. ನಾನು ಎಡಗಡೆಯಿಂದ ಹೋಗುವಾಗ ಏನೇನು ನೋಡಬೇಕು?

ಕನಕಪುರ ರಸ್ತೆಯಲ್ಲಿ ಮೆಟ್ರೋ ಕಂಬಗಳ ನಡುವೆ ಡಿವೈಡರ್ ಒಡೆದ ಜಾಗ ನೆನೆಸಿಕೊಳ್ಳಿ. ಒಂದು ಕಾರು ಯೂ ಟರ್ನ್‌ಗೆ ಕಾಯುತ್ತಿದೆ, ನೀವು ಹಿಂದೆ ಸ್ಕೂಟರ್‌ನಲ್ಲಿ ಬರ್ತಿದ್ದೀರಿ.

ಮೊದಲು ನೋಡಬೇಕಾದ್ದು ಇಂಡಿಕೇಟರ್ ಅಲ್ಲ, ಕಾರು ನಿಂತಿರುವ ಜಾಗ. ಡಿವೈಡರ್ ಪಕ್ಕಕ್ಕೆ ಬಂದು, ಮೂತಿ ಬಲಕ್ಕೆ ತಿರುಗಿಸಿ ನಿಂತಿದೆಯಾ? ಮುಂದಿನ ಚಕ್ರ ಬಲಕ್ಕೆ ತಿರುಗಿದೆಯಾ? ಹಾಗಿದ್ದರೆ ಅವನು ನಿಜವಾಗಿ ತಿರುಗುವವನು, ಎಡಗಡೆಯಿಂದ ಹೋಗಲು ನಿಯಮದ ಅಡ್ಡಿ ಇಲ್ಲ. ಇಂಡಿಕೇಟರ್ ಮಿನುಗುತ್ತಿದೆ, ಕಾರು ಮಾತ್ರ ರಸ್ತೆ ಮಧ್ಯದಲ್ಲಿ ನೇರವಾಗಿ ಹೋಗ್ತಿದೆ ಅಂದರೆ ಕಾಯಿರಿ. ಅವನು ಯಾರನ್ನೋ ಓವರ್‌ಟೇಕ್ ಮಾಡಲು ಹಾಕಿರಬಹುದು, ಹಿಂದಿನ ತಿರುವಿನಲ್ಲಿ ಹಾಕಿದ್ದನ್ನು ಆರಿಸಲು ಮರೆತಿರಬಹುದು, ಯೂ ಟರ್ನ್ ಬೇಡ ಅಂತ ಮನಸ್ಸು ಬದಲಿಸಿ ಎಡಕ್ಕೆ ವಾಪಸ್ ಬರಬಹುದು.

ಎರಡನೆಯದು, ಆ ಕಾರಿನ ಮುಂದೆ ಏನಿದೆ ಅನ್ನುವುದು. ಡಿವೈಡರ್ ಒಡೆದ ಜಾಗದಲ್ಲೇ ಜನ ರಸ್ತೆ ದಾಟುತ್ತಾರೆ. ನಿಂತ ಕಾರಿನ ಮರೆಯಿಂದ ಒಬ್ಬರು ಹೆಜ್ಜೆ ಇಟ್ಟರೆ ಅವರು ನಿಮಗೆ ಕಾಣುವ ಹೊತ್ತಿಗೆ ನೀವು ಅಲ್ಲಿಗೆ ಬಂದಾಗಿರುತ್ತದೆ. ಎದುರು ದಿಕ್ಕಿನಿಂದ ಯೂ ಟರ್ನ್ ಮಾಡಿ ಬರುವ ಗಾಡಿಯೂ ಅದೇ ಮರೆಯಿಂದ ನಿಮ್ಮ ಲೇನಿಗೇ ಬರುತ್ತದೆ. ಹಾಗಾಗಿ ಕಾರಿನ ಬಾನೆಟ್ ದಾಟುವ ತನಕ ತಕ್ಷಣ ನಿಲ್ಲಿಸಬಹುದಾದ ವೇಗದಲ್ಲಿ, ಬ್ರೇಕ್ ಮೇಲೆ ಬೆರಳಿಟ್ಟು ಹೋಗಬೇಕು. ನನ್ನ ಪ್ರಕಾರ ಈ ಎರಡನೇ ನೋಟವೇ ಜಾಸ್ತಿ ಮುಖ್ಯ. ಅವಕಾಶ ಇದೆ ಅಂತ ಗೊತ್ತಿರುವವರು ಕೂಡ ಬಿಡುವುದು ಇದನ್ನೇ.

ಔಟರ್ ರಿಂಗ್ ರೋಡಲ್ಲಿ ಬಲ ಲೇನಲ್ಲೇ ಒಬ್ರು ಆಮೆ ವೇಗದಲ್ಲಿ ಹೋಗ್ತಾರೆ, ದಾರಿನೂ ಬಿಡಲ್ಲ. ಎಡಗಡೆಯಿಂದ ದಾಟಬಹುದಾ?

ನೀವು ಮಧ್ಯದ ಲೇನಿನಲ್ಲಿ ನಿಮ್ಮ ವೇಗದಲ್ಲಿ ಹೋಗ್ತಾ ಇದ್ದು, ಬಲ ಲೇನ್ ನಿಧಾನ ಆಗಿ ನೀವು ಮುಂದೆ ಹೋದರೆ ತಪ್ಪಿಲ್ಲ. ಟಿನ್ ಫ್ಯಾಕ್ಟರಿ ಕಡೆ ಸಂಜೆ ಹೊತ್ತಿನಲ್ಲಿ ಲೇನ್‌ಗಳು ಬೇರೆ ಬೇರೆ ವೇಗದಲ್ಲಿ ಸರಿಯುತ್ತಾ ಇರುತ್ತವೆ. ಅದನ್ನು ಯಾರೂ ಎಡಗಡೆ ಓವರ್‌ಟೇಕ್ ಅನ್ನುವುದಿಲ್ಲ.

ಬಲ ಲೇನಿನಲ್ಲಿ ಅವನ ಹಿಂದೆ ಬಂದು, ಎಡಕ್ಕೆ ಕಡಿದು, ವೇಗ ಹೆಚ್ಚಿಸಿ, ಅವನ ಮುಂದಕ್ಕೆ ಮತ್ತೆ ಬಲಕ್ಕೆ ಕಡಿಯುವುದು ಬೇರೆ ವಿಷಯ. ಅಪಾಯ ಇರುವುದು ಅಲ್ಲೇ. ನಿಧಾನ ಹೋಗುವವನಿಗೆ ಹಿಂದಿನಿಂದ ಯಾರೋ ಬರ್ತಿದ್ದಾರೆ ಅಂತ ಕೊನೆಗೂ ತಿಳಿದಾಗ ಅವನು ಮಾಡುವ ಮೊದಲ ಕೆಲಸ ಎಡಕ್ಕೆ ಸರಿದು ದಾರಿ ಬಿಡುವುದು. ನೀವು ಎಡಕ್ಕೆ ಬಂದ ಅದೇ ಕ್ಷಣದಲ್ಲಿ ಅವನೂ ಬಂದರೆ ಏನಾಗುತ್ತೆ ನೋಡಿ. ಒಂದು ಸಲ ಹಾರ್ನ್ ಅಥವಾ ಪಾಸ್ ಲೈಟ್ ಕೊಡಿ, ಅವನು ಸರಿಯಲು ಸ್ವಲ್ಪ ಸಮಯ ಬಿಡಿ. ಸರಿಯಲೇ ಇಲ್ಲ ಅಂದರೆ ಲೇನ್ ಬದಲಿಸಿ ಎಡ ಲೇನಿನಲ್ಲೇ ಮುಂದುವರಿಯಿರಿ, ತಕ್ಷಣ ಬಲಕ್ಕೆ ವಾಪಸ್ ಹೋಗುವ ಅವಸರ ಬೇಡ.

ಬಲ ಲೇನ್ ಹಿಡಿದು ನಿಧಾನ ಹೋಗುವವರಿಗೂ ಒಂದು ಮಾತು. ಆ ಲೇನ್ ದಾಟುವವರಿಗೆ. ದಾಟುವ ಕೆಲಸ ಮುಗಿದ ಮೇಲೆ ಎಡಕ್ಕೆ ಬರಬೇಕು.

ಸ್ಕೂಟರ್, ಬೈಕ್‌ಗೂ ಈ ರೂಲ್ಸ್ ಇದ್ಯಾ? ಸಿಗ್ನಲ್‌ನಲ್ಲಿ ಎಲ್ಲರೂ ಎಡಗಡೆಯಿಂದಲೇ ಮುಂದೆ ಬರ್ತೀವಲ್ವಾ?

ಇದೆ. ಎಡಗಡೆಯಿಂದ ದಾಟಬಾರದು ಅನ್ನುವ ನಿಯಮ ಎಲ್ಲ ಚಾಲಕರಿಗೂ, ಎರಡು ಚಕ್ರ ಅಂತ ವಿನಾಯಿತಿ ಇಲ್ಲ.

ಕೆಂಪು ದೀಪಕ್ಕೆ ನಿಂತ ಗಾಡಿಗಳ ಪಕ್ಕದಲ್ಲಿ ನಿಧಾನವಾಗಿ ಮುಂದೆ ಬರುವುದು ನಗರದಲ್ಲಿ ದಿನಾ ನಡೆಯುತ್ತದೆ, ನೀವೂ ಮಾಡ್ತೀರಿ ಅಂತ ಗೊತ್ತು. ಅದರಲ್ಲಿ ಕೆಡುವುದು ಯಾವಾಗ ಅಂತ ಹೇಳ್ತೀನಿ. ಸಿಗ್ನಲ್‌ನಲ್ಲಿ ಸೆಕೆಂಡುಗಳ ಎಣಿಕೆ ಕಾಣುವ ಕಡೆ, ಹಸಿರು ಬೀಳಲು ಇನ್ನು ಸ್ವಲ್ಪವೇ ಇದೆ ಅಂದಾಗ ಹಿಂದೆ ಇರುವವರು ವೇಗ ಹೆಚ್ಚಿಸುತ್ತಾರೆ. ಅಷ್ಟರಲ್ಲಿ ನಿಂತಿದ್ದ ಗಾಡಿಗಳೂ ಹೊರಡುತ್ತವೆ. ಎಡಕ್ಕೆ ತಿರುಗಬೇಕಾದ ಕಾರು ತಿರುಗುತ್ತದೆ, ಆ ಕಾರಿನ ಎಡಗಡೆ ನೇರ ಹೋಗಬೇಕಾದ ಸ್ಕೂಟರ್ ಇರುತ್ತದೆ. ಇಬ್ಬರಿಗೂ ಹಸಿರೇ ಇರುತ್ತದೆ. ಹಾಗಾಗಿ ಗಾಡಿಗಳು ಅಲುಗಲು ಶುರುವಾದ ಮೇಲೆ ನುಸುಳಬೇಡಿ, ಇರುವ ಜಾಗದಲ್ಲೇ ಸಾಲಿನಲ್ಲಿ ಸೇರಿಕೊಳ್ಳಿ. ಲಾರಿ ಅಥವಾ ಬಸ್ಸಿನ ಎಡ ಪಕ್ಕದಲ್ಲಂತೂ ನಿಂತುಕೊಳ್ಳಲೇಬೇಡಿ. ಅದರ ಹಿಂದೆ ನಿಲ್ಲಿ.

ಬಿಎಂಟಿಸಿ ಬಸ್ ಸ್ಟಾಪ್‌ನಲ್ಲಿ ಅಂಚಿಗೆ ಬರದೆ ರಸ್ತೆಯಲ್ಲೇ ನಿಲ್ಲುತ್ತೆ. ಎಡಗಡೆ ಸ್ಕೂಟರ್ ಹೋಗುವಷ್ಟು ಜಾಗ ಇರುತ್ತೆ. ಹೋಗಬಹುದಾ?

ಬೇಡ. ಬಸ್ಸು ನಿಂತಿರುವುದು ಆ ಕಡೆಯಿಂದ ಜನರನ್ನು ಇಳಿಸಲು, ಹತ್ತಿಸಲು. ಇಳಿಯುವವರು ಮೆಟ್ಟಿಲು ನೋಡ್ತಾ ಇರುತ್ತಾರೆ, ನಿಮ್ಮನ್ನಲ್ಲ. ಸ್ಟಾಪ್‌ನಲ್ಲಿ ಕಾಯುವವರು ಬಾಗಿಲಿನ ಕಡೆ ಓಡುತ್ತಾರೆ. ಆ ಸಂದಿಯಲ್ಲಿ ನಿಮಗೆ ಎಡಕ್ಕೂ ತಪ್ಪಿಸಿಕೊಳ್ಳಲು ಜಾಗ ಇಲ್ಲ, ಬಲಕ್ಕೂ ಇಲ್ಲ. ಅಜ್ಜಿ ಒಬ್ಬರು ಚೀಲ ಹಿಡಿದು ಹಿಂದಿನ ಬಾಗಿಲಿನಿಂದ ಕಾಲು ಕೆಳಗಿಟ್ಟರೆ ಬ್ರೇಕ್ ಹಾಕುವುದಕ್ಕೂ ಸಮಯ ಸಿಗುವುದಿಲ್ಲ.

ಬಲಗಡೆಯಿಂದ ಹೋಗಿ, ಅಥವಾ ಬಸ್ಸು ಹೊರಡುವ ತನಕ ಕಾಯಿರಿ. ಬಲಗಡೆಯಿಂದ ಹೋಗುವಾಗಲೂ ಬಸ್ಸಿನ ಮೂತಿಯ ಹತ್ತಿರ ವೇಗ ಇಳಿಸಿ. ಇಳಿದವರಲ್ಲಿ ಯಾರಾದರೂ ಬಸ್ಸಿನ ಮುಂದಿನಿಂದ ರಸ್ತೆ ದಾಟುತ್ತಿರಬಹುದು. ಬಸ್ಸಿನ ಬಲ ಇಂಡಿಕೇಟರ್ ಮಿನುಗುತ್ತಿದ್ದರೆ ಅದು ಹೊರಡುತ್ತಿದೆ ಅಂತ ಅರ್ಥ, ಅದಕ್ಕೆ ದಾರಿ ಬಿಡಿ.

ಬಸ್ ಬಲಕ್ಕೆ ಸರೀತು ಅಂತ ಎಡಕ್ಕೆ ಹೋದೆ, ನೋಡಿದ್ರೆ ಅದು ಎಡಕ್ಕೇ ತಿರುಗಿಬಿಡ್ತು. ಯಾಕೆ ಹಾಗೆ?

ಉದ್ದ ಗಾಡಿ ತಿರುಗುವ ರೀತಿಯೇ ಹಾಗೆ. ಬಸ್ಸು ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಹೋಗುವುದಿಲ್ಲ, ಒಳಗಡೆ ಕತ್ತರಿಸಿಕೊಂಡು ಹೋಗುತ್ತದೆ. ಅಂಚಿನಲ್ಲೇ ಇದ್ದು ತಿರುಗಿದರೆ ಹಿಂಚಕ್ರ ಫುಟ್‌ಪಾತ್ ಹತ್ತಿಬಿಡುತ್ತದೆ. ಅದಕ್ಕೆ ಚಾಲಕ ಮೊದಲು ಬಲಕ್ಕೆ ಅಗಲವಾಗಿ ಹೋಗಿ, ಆಮೇಲೆ ಎಡಕ್ಕೆ ತಿರುಗಿಸುತ್ತಾನೆ. ಹಿಂದಿನಿಂದ ನೋಡುವವರಿಗೆ ಬಸ್ಸು ಬಲಕ್ಕೆ ಸರಿದು ಎಡಗಡೆ ಜಾಗ ಬಿಟ್ಟಂತೆ ಕಾಣುತ್ತದೆ. ಆ ಜಾಗ ಹಿಂಚಕ್ರಕ್ಕೆ ಬೇಕಾದ ಜಾಗ.

ಇದರಲ್ಲಿ ಸಿಕ್ಕಿಹಾಕಿಕೊಂಡ ಸ್ಕೂಟರ್‌ಗೆ ಮೊದಲು ಏನೂ ತಿಳಿಯುವುದಿಲ್ಲ, ಯಾಕೆಂದರೆ ಬಸ್ಸಿನ ಮುಂಭಾಗ ಇನ್ನೂ ದೂರದಲ್ಲೇ ಇರುತ್ತದೆ. ನಿಧಾನವಾಗಿ ಬಸ್ಸಿನ ಪಕ್ಕ ನಿಮ್ಮ ಕಡೆ ಹತ್ತಿರ ಬರುತ್ತದೆ, ಹ್ಯಾಂಡಲ್ ತಾಗುತ್ತದೆ, ಬೀಳುವುದು ಹಿಂಚಕ್ರದ ಮುಂದೆ. ಹಾಗಾಗಿ ಯಾವುದೇ ಜಂಕ್ಷನ್ ಹತ್ತಿರ ಬಸ್ಸು, ಲಾರಿ ಅಥವಾ ಟ್ರೇಲರ್ ಬಲಕ್ಕೆ ಸರಿದಾಗ ಅದರ ಎಡ ಇಂಡಿಕೇಟರ್ ನೋಡಿ. ಇಂಡಿಕೇಟರ್ ಕಾಣದಿದ್ದರೂ ಎಡಕ್ಕೆ ಒಂದು ರಸ್ತೆ ಇದೆ ಅಂದರೆ ಹಿಂದೆಯೇ ಇರಿ. ತಿರುಗುವವರೆಗೆ ಕಾದರೆ ಹೋಗುವುದು ಕೆಲವೇ ಸೆಕೆಂಡು.

## ಓವರ್‌ಟೇಕ್ ಮಾಡಲೇಬಾರದ ಜಾಗಗಳು

ಬೋರ್ಡ್ ಇಲ್ಲ ಅಂದ್ರೆ ಎಲ್ಲಿ ಬೇಕಾದ್ರೂ ಓವರ್‌ಟೇಕ್ ಮಾಡಬಹುದು ಅಲ್ವಾ?

ಅಲ್ಲ. ಬೋರ್ಡ್ ಇರುವ ಕಡೆ ಮಾಡಬಾರದು ಅನ್ನುವುದು ಸರಿ. ಕೆಂಪು ಅಂಚಿನ ಬಿಳಿ ಗುಂಡು ಫಲಕ, ಒಳಗೆ ಅಕ್ಕಪಕ್ಕ ಎರಡು ಕಾರು, ಅದೇ ಓವರ್‌ಟೇಕ್ ನಿಷೇಧದ ಫಲಕ. ಆದರೆ ಬೋರ್ಡ್ ಇಲ್ಲದೆಯೂ ನಿಷೇಧ ಇರುವ ಜಾಗಗಳಿವೆ: ಮುಂದೆ ಕಾಣದ ತಿರುವು, ಏರಿನ ತುದಿ, ಕಿರಿದಾದ ಸೇತುವೆ, ಜಂಕ್ಷನ್, ಜೀಬ್ರಾ ಕ್ರಾಸಿಂಗ್. ಶಾಲೆ, ಆಸ್ಪತ್ರೆ ಹತ್ತಿರವೂ, ರಸ್ತೆ ಕೆಲಸ ನಡೆಯುವ ಕಡೆಯೂ ಮಾಡಬಾರದು.

ಇದೆಲ್ಲವನ್ನೂ ಬಾಯಿಪಾಠ ಮಾಡುವುದಕ್ಕಿಂತ ಕಾರಣ ಹಿಡಿದುಕೊಳ್ಳುವುದು ಸುಲಭ. ನಂದಿ ಬೆಟ್ಟದ ರಸ್ತೆಯ ತಿರುವಿನಲ್ಲಿ ಎದುರು ಬರುವ ಗಾಡಿ ನಿಮಗೆ ಕಾಣುವುದಿಲ್ಲ. ಏರಿನ ತುದಿಯಲ್ಲೂ ಆಚೆ ಬದಿ ಕಾಣುವುದಿಲ್ಲ. ಸೇತುವೆಯಲ್ಲಿ ಕಾಣುತ್ತದೆ, ಆದರೆ ತಪ್ಪಿಸಿಕೊಳ್ಳಲು ಪಕ್ಕದಲ್ಲಿ ಜಾಗ ಇಲ್ಲ. ಜಂಕ್ಷನ್‌ನಲ್ಲಿ ನೀವು ದಾಟುತ್ತಿರುವ ಗಾಡಿಯೇ ಬಲಕ್ಕೆ ತಿರುಗಬಹುದು, ಅಡ್ಡರಸ್ತೆಯಿಂದ ಬರುವವನಿಗೆ ಆ ಗಾಡಿಯ ಮರೆಯಲ್ಲಿರುವ ನೀವು ಕಾಣುವುದಿಲ್ಲ.

ರಸ್ತೆ ಮಧ್ಯದ ಗೆರೆ ನೋಡಿ ಹೇಗೆ ಗೊತ್ತು ಮಾಡ್ಕೊಳ್ಳೋದು? ಬಿಳಿ, ಹಳದಿ ಎಲ್ಲ ಗೊಂದಲ.

ಬಣ್ಣ ಆಮೇಲೆ, ಮೊದಲು ಗೆರೆ ತುಂಡಾಗಿದೆಯಾ, ಒಂದೇ ಸಮ ಇದೆಯಾ ಅಂತ ನೋಡಿ. ತುಂಡು ಗೆರೆ ಇದ್ದರೆ, ಎದುರು ಖಾಲಿ ಇದ್ದರೆ, ದಾಟಿ ಓವರ್‌ಟೇಕ್ ಮಾಡಿ ವಾಪಸ್ ಬರಬಹುದು. ಒಂದೇ ಸಮನಾದ ಗೆರೆ ಇದ್ದರೆ ಅದರ ಆಚೆ ಹೋಗಿ ಓವರ್‌ಟೇಕ್ ಮಾಡುವ ಹಾಗಿಲ್ಲ. ಎರಡೂ ಒಂದೇ ಸಮ ಇರುವ ಜೋಡಿ ಗೆರೆ ಇದ್ದರೆ ಎರಡೂ ಕಡೆಯವರಿಗೆ ನಿಷೇಧ.

ಜೋಡಿಯಲ್ಲಿ ಒಂದು ತುಂಡು, ಒಂದು ಸಮ ಇದ್ದರೆ ನಿಮ್ಮ ಕಡೆಗೆ ಹತ್ತಿರ ಇರುವ ಗೆರೆ ನಿಮ್ಮದು. ನಿಮ್ಮ ಕಡೆ ತುಂಡು ಇದ್ದರೆ ನೀವು ಮಾಡಬಹುದು, ಎದುರಿನವರು ಮಾಡುವ ಹಾಗಿಲ್ಲ. ಇದನ್ನು ತಿರುವುಗಳ ಹತ್ತಿರ ಹಾಕುತ್ತಾರೆ, ಯಾಕೆಂದರೆ ತಿರುವು ದಾಟಿ ಹೊರಬರುವವರಿಗೆ ರಸ್ತೆ ಕಾಣುತ್ತದೆ, ತಿರುವಿನೊಳಗೆ ಹೋಗುವವರಿಗೆ ಕಾಣುವುದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಸಮ ಗೆರೆ ಶುರುವಾಗುವ ಮೊದಲು ತುಂಡುಗಳು ಉದ್ದ ಆಗಿ, ನಡುವಿನ ಖಾಲಿ ಜಾಗ ಚಿಕ್ಕದಾಗುತ್ತದೆ. ಮುಂದೆ ನಿಷೇಧ ಬರ್ತಿದೆ ಅನ್ನುವ ಎಚ್ಚರಿಕೆ ಅದು. ಆಗ ಹೊಸದಾಗಿ ಓವರ್‌ಟೇಕ್ ಶುರು ಮಾಡಬೇಡಿ.

ಫ್ಲೈಓವರ್ ಮೇಲೆ ಓವರ್‌ಟೇಕ್ ಮಾಡಬಾರದು ಅಂತಾರೆ, ನಿಜಾನಾ?

ಫ್ಲೈಓವರ್ ಅಂದ ಮಾತ್ರಕ್ಕೆ ನಿಷೇಧ ಇಲ್ಲ. ಅಲ್ಲಿಯ ಫಲಕ ಮತ್ತು ಗೆರೆ ನೋಡಿ. ಆದರೆ ನಮ್ಮ ಹಲವು ಫ್ಲೈಓವರ್‌ಗಳಲ್ಲಿ ತಿರುವು, ಏರು ಎರಡೂ ಒಟ್ಟಿಗೆ ಇರುತ್ತವೆ. ಏರಿನ ತುದಿಯ ಆಚೆ ಕೆಟ್ಟು ನಿಂತ ಗಾಡಿ ಇದ್ದರೆ ತುದಿಗೆ ಬರುವ ತನಕ ಕಾಣುವುದಿಲ್ಲ.

ಮುಂದಿನ ಕಾರು ಜೀಬ್ರಾ ಕ್ರಾಸಿಂಗ್‌ನಲ್ಲಿ ಸುಮ್ನೆ ನಿಂತುಬಿಡ್ತು. ಪಕ್ಕದಿಂದ ಹೋಗಬಹುದಾ?

ಹೋಗಬಾರದು, ಎಡದಿಂದಲೂ ಇಲ್ಲ, ಬಲದಿಂದಲೂ ಇಲ್ಲ. ಆ ಕಾರು ಸುಮ್ನೆ ನಿಂತಿಲ್ಲ, ಯಾರೋ ದಾಟುತ್ತಿದ್ದಾರೆ. ಕಾರಿನ ಎತ್ತರಕ್ಕೆ ಮಕ್ಕಳು ಕಾಣುವುದೇ ಇಲ್ಲ. ಕಾರು ನಿಂತಿತು ಅನ್ನುವ ಧೈರ್ಯದಲ್ಲಿ ಮಗು ಹೆಜ್ಜೆ ಇಡುತ್ತದೆ, ಪಕ್ಕದಿಂದ ಬೈಕ್ ಬರುತ್ತದೆ. ಮುಂದಿನವನು ನಿಂತರೆ ನೀವೂ ನಿಲ್ಲಿ, ಹಾರ್ನ್ ಕೂಡ ಬೇಡ.

## ಹೈವೇಗೆ ಹೋಗುವವರಿಗೆ

ಡಿವೈಡರ್ ಇಲ್ಲದ ರಸ್ತೆಯಲ್ಲಿ ಲಾರಿ ದಾಟೋಕೆ ಎಷ್ಟು ದೂರ ಖಾಲಿ ಇರಬೇಕು?

ಲೆಕ್ಕ ಹಾಕಿಯೇ ನೋಡೋಣ. ಲಾರಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗ್ತಿದೆ, ನೀವು 80ರಲ್ಲಿ. ನಿಮ್ಮಿಬ್ಬರ ವ್ಯತ್ಯಾಸ 20 ಕಿ.ಮೀ., ಅಂದರೆ ಸೆಕೆಂಡಿಗೆ ಸುಮಾರು ಐದೂವರೆ ಮೀಟರ್. ಲಾರಿಯ ಉದ್ದ 10 ಮೀಟರ್, ನಿಮ್ಮ ಕಾರು 4 ಮೀಟರ್. ಹೊರಡುವಾಗ ಲಾರಿಯ ಹಿಂದೆ 20 ಮೀಟರ್ ಅಂತರ, ದಾಟಿದ ಮೇಲೆ ಅದರ ಮುಂದೆ 20 ಮೀಟರ್ ಅಂತರ ಇಟ್ಟುಕೊಳ್ಳಿ. ಒಟ್ಟು 54 ಮೀಟರ್ ಜಾಸ್ತಿ ಓಡಬೇಕು. ಅದಕ್ಕೆ ಹತ್ತಿರ ಹತ್ತಿರ 10 ಸೆಕೆಂಡ್ ಬೇಕು.

ಆ 10 ಸೆಕೆಂಡಿನಲ್ಲಿ 80ರ ವೇಗದ ನಿಮ್ಮ ಕಾರು ಸುಮಾರು 220 ಮೀಟರ್ ಹೋಗಿರುತ್ತದೆ. ಎದುರಿನವನೂ 80ರಲ್ಲಿ ಬರ್ತಿದ್ದರೆ ಅವನೂ ಅಷ್ಟೇ ಹತ್ತಿರ ಬಂದಿರುತ್ತಾನೆ. ಎರಡೂ ಸೇರಿ 440 ಮೀಟರ್, ಅದೂ ಕೂದಲೆಳೆಯಲ್ಲಿ ತಪ್ಪಿಸಿಕೊಳ್ಳುವ ಲೆಕ್ಕ. ನೆಮ್ಮದಿಯಾಗಿ ದಾಟಬೇಕು ಅಂದರೆ ಅರ್ಧ ಕಿಲೋಮೀಟರ್‌ಗಿಂತ ಜಾಸ್ತಿ ಖಾಲಿ ಕಾಣಬೇಕು. ಹೆದ್ದಾರಿ ಪಕ್ಕದಲ್ಲಿ 200 ಮೀಟರ್‌ಗೊಂದು ಚಿಕ್ಕ ಕಲ್ಲು ಇರುವ ಕಡೆ ಅವನ್ನು ನೋಡಿ ಅಂದಾಜು ಮಾಡಿಕೊಳ್ಳಿ. ಮೂರು ಕಲ್ಲಿನಷ್ಟು ದೂರ ಖಾಲಿ ಇಲ್ಲ ಅಂದರೆ ಹೊರಡಬೇಡಿ.

ಲಾರಿಗಿಂತ ನಿಮ್ಮ ವೇಗ 10 ಕಿ.ಮೀ. ಮಾತ್ರ ಜಾಸ್ತಿ ಇದ್ದರೆ 10 ಸೆಕೆಂಡ್ 20 ಆಗುತ್ತದೆ. ವ್ಯತ್ಯಾಸ ಇನ್ನೂ ಕಡಿಮೆ ಇದ್ದು, 75ರಲ್ಲಿ ಹೋಗುವ ಲಾರಿಯನ್ನು 80ರಲ್ಲಿ ದಾಟುವುದಕ್ಕೆ ಹೊರಡುವುದೇ ತಪ್ಪು. ಇದಕ್ಕಾಗಿ ವೇಗದ ಮಿತಿ ಮೀರಿದರೂ ದಂಡ ಇದ್ದೇ ಇದೆ, ಓವರ್‌ಟೇಕ್ ಮಾಡುವಾಗ ಮೀರಬಹುದು ಅಂತ ಎಲ್ಲೂ ಇಲ್ಲ.

ಲಾರಿಯವನು ಬಲ ಇಂಡಿಕೇಟರ್ ಹಾಕಿದ್ರೆ ಹೋಗು ಅಂತಾನಾ, ಅಥವಾ ಅವನೇ ತಿರುಗ್ತಾನಾ?

ಇದು ನಿಜವಾಗಿಯೂ ಗೊಂದಲದ ವಿಷಯ, ಇದರಲ್ಲಿ ಜೀವ ಹೋಗುತ್ತದೆ. ಮೊದಲು ಚಾಲಕರು ಬಲಗೈ ಹೊರಗೆ ಚಾಚಿ ಹಿಂದಿನಿಂದ ಮುಂದಕ್ಕೆ ಬೀಸಿ, ನೀನು ದಾಟಿಕೋ ಅಂತ ಹೇಳುತ್ತಿದ್ದರು. ಆ ಕೈಸನ್ನೆ ನಿಯಮದಲ್ಲೇ ಇತ್ತು. ಅದರ ಬದಲು ಕೆಲವು ಲಾರಿಯವರು ಈಗ ಬಲ ಇಂಡಿಕೇಟರ್ ಹಾಕುತ್ತಾರೆ. ಇನ್ನು ಕೆಲವರು ಅದಕ್ಕೇ ಎಡ ಇಂಡಿಕೇಟರ್ ಹಾಕುತ್ತಾರೆ. ಬಲಕ್ಕೆ ತಿರುಗುವವನೂ ಬಲ ಇಂಡಿಕೇಟರನ್ನೇ ಹಾಕುತ್ತಾನೆ.

ಹಾಗಾಗಿ ಇಂಡಿಕೇಟರ್ ಒಂದನ್ನೇ ನಂಬಬೇಡಿ. ಲಾರಿ ಎಡ ಅಂಚಿಗೆ ಸರಿದು ದಾರಿ ಬಿಡ್ತಿದೆಯಾ, ನಡುಗೆರೆಯ ಕಡೆ ಬರ್ತಿದೆಯಾ ನೋಡಿ. ಬ್ರೇಕ್ ಲೈಟ್ ಉರಿಯುತ್ತಿದೆಯಾ? ಬಲಗಡೆ ಪೆಟ್ರೋಲ್ ಬಂಕ್, ಡಾಬಾ, ಹಳ್ಳಿ ರಸ್ತೆ ಇದೆಯಾ? ಇದ್ದರೆ ಅವನು ತಿರುಗುತ್ತಾನೆ ಅಂತಲೇ ಇಟ್ಟುಕೊಳ್ಳಿ. ಅವನು ಹೋಗು ಅಂದರೂ ಎದುರಿನ ರಸ್ತೆಯನ್ನು ನೀವೇ ನೋಡಿಯೇ ಹೊರಡಬೇಕು.

ನನ್ನನ್ನ ಯಾರಾದ್ರೂ ಓವರ್‌ಟೇಕ್ ಮಾಡ್ತಿದ್ರೆ ನಾನೇನು ಮಾಡಬೇಕು?

ವೇಗ ಹೆಚ್ಚಿಸಬಾರದು, ಅವರನ್ನು ತಡೆಯುವ ಯಾವ ಕೆಲಸವನ್ನೂ ಮಾಡಬಾರದು. ಇದು 1989ರಿಂದಲೂ ನಿಯಮ. ಎಡಕ್ಕೆ ಇದ್ದು, ವೇಗ ಹಾಗೇ ಇಟ್ಟುಕೊಳ್ಳಿ. ಎದುರಿನಿಂದ ಗಾಡಿ ಬಂದು ಅವನು ಸಿಕ್ಕಿಕೊಂಡರೆ ನೀವು ಸ್ವಲ್ಪ ಬ್ರೇಕ್ ಹಾಕಿ ಅವನಿಗೆ ಒಳಗೆ ಬರಲು ಜಾಗ ಬಿಡಿ. ತಪ್ಪು ಅವನದ್ದೇ ಆಗಿರಲಿ. ಎದುರಿಗೆ ಬರುವ ಗಾಡಿಯಲ್ಲಿ ಇರುವವರು ಏನೂ ತಪ್ಪು ಮಾಡಿಲ್ಲ.

ತಪ್ಪಾಗಿ ಓವರ್‌ಟೇಕ್ ಮಾಡಿದ್ರೆ ದಂಡ ಎಷ್ಟು? ಬರೀ ದಂಡ ಕಟ್ಟಿದ್ರೆ ಮುಗೀತಾ?

2019ರ ತಿದ್ದುಪಡಿ ಆದ ಮೇಲೆ, ಕಾನೂನಿಗೆ ವಿರುದ್ಧವಾಗಿ ಓವರ್‌ಟೇಕ್ ಮಾಡುವುದು ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್‌ನಲ್ಲಿ ಅಪಾಯಕಾರಿ ಚಾಲನೆ ಅಂತ ಸೇರಿದೆ. ಕೆಂಪು ದೀಪ ದಾಟುವುದು, ಓಡಿಸುತ್ತಾ ಫೋನ್ ಹಿಡಿಯುವುದು, ವಿರುದ್ಧ ದಿಕ್ಕಿನಲ್ಲಿ ಹೋಗುವುದು ಕೂಡ ಅದೇ ಪಟ್ಟಿಯಲ್ಲಿವೆ. ಇತರರಿಗೆ ಅಪಾಯ ಆಗುವ ಹಾಗೆ ಮಾಡಿದರೆ ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿ ತನಕ ದಂಡ, ಅಥವಾ 6 ತಿಂಗಳಿಂದ 1 ವರ್ಷದ ತನಕ ಜೈಲು, ಅಥವಾ ಎರಡೂ. 3 ವರ್ಷದೊಳಗೆ ಮತ್ತೆ ಮಾಡಿದರೆ ಜೈಲು 2 ವರ್ಷದ ತನಕ, ದಂಡ 10,000 ರೂಪಾಯಿ.

ದಂಡಕ್ಕೆ ಮುಗಿಯುವುದಿಲ್ಲ. ಈ ಸೆಕ್ಷನ್‌ನಲ್ಲಿ ಸಿಕ್ಕಿಬಿದ್ದರೆ ಪೊಲೀಸರು ಲೈಸೆನ್ಸ್ ವಶಕ್ಕೆ ತೆಗೆದುಕೊಂಡು ಆರ್‌ಟಿಒಗೆ ಕಳಿಸಬಹುದು, ಅಲ್ಲಿ ಅದನ್ನು ಅಮಾನತು ಮಾಡಬಹುದು. ಅಪಘಾತ ಆಗಿ ಪರಿಹಾರದ ಕೇಸು ನಡೆದರೆ ಯಾರ ತಪ್ಪು ಎಷ್ಟು ಅಂತ ಟ್ರಿಬ್ಯೂನಲ್ ನೋಡುತ್ತದೆ. ಬಸ್ಸಿನ ಎಡಗಡೆಯಿಂದ ನುಗ್ಗಿ ಗಾಯಗೊಂಡ ಸ್ಕೂಟರ್ ಸವಾರನದ್ದೂ ಒಂದು ಪಾಲು ತಪ್ಪು ಅಂತ ತೀರ್ಮಾನ ಆದರೆ ಅಷ್ಟು ಪಾಲು ಪರಿಹಾರದ ಹಣದಿಂದ ಕಡಿತ ಆಗುತ್ತದೆ. ಈಗ ಹಲವರು ಗಾಡಿಯಲ್ಲಿ ಕ್ಯಾಮೆರಾ ಹಾಕಿಸಿಕೊಂಡಿದ್ದಾರೆ, ಅಂಗಡಿಗಳ ಮುಂದೆಯೂ ಕ್ಯಾಮೆರಾ ಇದೆ. ಯಾರು ಯಾವ ಕಡೆಯಿಂದ ಬಂದರು ಅನ್ನುವುದು ಬಾಯಿಮಾತಿನ ಮೇಲೆ ಮಾತ್ರ ನಿಲ್ಲುವ ಕಾಲ ಹೋಗಿದೆ.